ಗಂಡನಿಗೆ ನಾಲ್ಕು ಪಟ್ಟು ಸಂಬಳವಿದ್ದಾಗ ಮನೆ ಖರ್ಚಿನ ಅರ್ಧ ಪಾಲು ನ್ಯಾಯವೇ?

ಪ್ರಶ್ನೆ: ನನ್ನ ಕೈಗೆ ಬರುವ ಸಂಬಳ 28,000 ರೂಪಾಯಿ, ನನ್ನ ಗಂಡನದು 1,20,000. ಬಾಡಿಗೆಯೂ ಸೇರಿ ತಿಂಗಳ ಖರ್ಚು ಸುಮಾರು 50,000 ಆಗುತ್ತದೆ. ಇಬ್ಬರೂ ದುಡಿಯುತ್ತೇವಲ್ಲ, ಅರ್ಧರ್ಧ ಹಾಕೋಣ, ಅದೇ ಸಮಾನತೆ ಎನ್ನುತ್ತಾರೆ. ನೀವೆಲ್ಲ ಹೇಗೆ ಹಂಚಿಕೊಳ್ಳುತ್ತೀರಿ?

ಉತ್ತರ:

ನಾನು ಬೆಂಗಳೂರಿನ ಒಂದು ಖಾಸಗಿ ಶಾಲೆಯಲ್ಲಿ ಶಿಕ್ಷಕಿ, ನನ್ನ ಪತಿ ಸಾಫ್ಟ್‌ವೇರ್ ಉದ್ಯೋಗಿ. ನಮ್ಮ ಸಂಬಳಗಳ ನಡುವಿನ ಅಂತರವೂ ಹೆಚ್ಚುಕಡಿಮೆ ನಿಮ್ಮಷ್ಟೇ ಇದೆ. ನಿಮ್ಮ ಲೆಕ್ಕದಲ್ಲಿ ಅರ್ಧರ್ಧ ಎಂದರೆ ನೀವು 25,000 ಕೊಟ್ಟು ತಿಂಗಳಿಗೆ 3,000 ಉಳಿಸಿಕೊಳ್ಳುತ್ತೀರಿ, ಅವರು ಅಷ್ಟೇ ಕೊಟ್ಟು 95,000 ಉಳಿಸಿಕೊಳ್ಳುತ್ತಾರೆ. ಸಂಬಳದ ಪ್ರಮಾಣಕ್ಕೆ ತಕ್ಕಂತೆ ಹಂಚಿದರೆ ಇಬ್ಬರ ಒಟ್ಟು ಆದಾಯವಾದ 1,48,000ದಲ್ಲಿ ನಿಮ್ಮ ಪಾಲು ಶೇಕಡ 19ರಷ್ಟಾಗುವುದರಿಂದ ನೀವು ಕೊಡಬೇಕಾದದ್ದು 9,500 ರೂಪಾಯಿ. ಇಷ್ಟನ್ನು ಯಾರು ಬೇಕಾದರೂ ಲೆಕ್ಕ ಹಾಕಿ ಹೇಳಬಹುದು. ಆದರೆ ನಾನು ಆರು ವರ್ಷ ಎಡವಿದ್ದು ಈ ಶೇಕಡಾವಾರಿನಲ್ಲಿ ಅಲ್ಲ, ಯಾರ ಹಣ ಯಾವ ಖರ್ಚಿಗೆ ಹೋಗುತ್ತದೆ ಎಂಬುದರಲ್ಲಿ. ಆದ್ದರಿಂದ ಅದನ್ನೇ ವಿವರವಾಗಿ ಬರೆಯುತ್ತೇನೆ.

2017ರಲ್ಲಿ ನಾವು ಫ್ಲ್ಯಾಟ್ ಕೊಂಡಾಗ ನನ್ನ ಸಂಬಳ 24,000, ಅವರದು 90,000. ಸಾಲ 40 ಲಕ್ಷ, ಬಡ್ಡಿ ಶೇಕಡ 8.5, ಅವಧಿ 20 ವರ್ಷ, ತಿಂಗಳ ಕಂತು ಹತ್ತಿರ ಹತ್ತಿರ 34,700. ಸಾಲ ಅವರೊಬ್ಬರ ಹೆಸರಿನಲ್ಲಿತ್ತು, ಕ್ರಯಪತ್ರವೂ ಅವರೊಬ್ಬರ ಹೆಸರಿನಲ್ಲೇ ಆಯಿತು. ಇದರಲ್ಲಿ ಯಾರ ಕುಟಿಲವೂ ಇರಲಿಲ್ಲ. ನೋಂದಣಿಯ ದಿನ ನನಗೆ ಪರೀಕ್ಷಾ ಕೆಲಸವಿತ್ತು, ಇಬ್ಬರೂ ರಜೆ ಹಾಕುವುದೇಕೆ ಎಂದುಕೊಂಡೆವು, ಅಷ್ಟೇ. ಆಮೇಲೆ ಅವರು, "ಕಂತು ನಾನು ನೋಡ್ಕೋತೀನಿ, ಮನೆ ನೀನು ನೋಡ್ಕೋ" ಎಂದರು. ದಿನಸಿ, ಹಾಲು, ತರಕಾರಿ, ಗ್ಯಾಸು, ಕರೆಂಟು, ಮನೆಗೆಲಸದವರ ಸಂಬಳ, ಮಗಳ ಶಾಲೆಯ ಖರ್ಚು ನನ್ನ ಪಾಲಿಗೆ ಬಂದವು. ಆಗ ಇವೆಲ್ಲ ಸೇರಿ 14,000 ಆಗುತ್ತಿತ್ತು. ದೊಡ್ಡ ಹೊರೆ ಅವರದು, ಚಿಕ್ಕದು ನನ್ನದು ಎಂದು ನನಗೂ ಸಮಾಧಾನವಿತ್ತು.

ಈ ಬಗೆಯ ಬಾಬತ್ತುವಾರು ಹಂಚಿಕೆ ನಮ್ಮ ಸುತ್ತಲಿನ ಎಷ್ಟೋ ಮನೆಗಳಲ್ಲಿದೆ, ಮತ್ತು ಮೊದಲ ವರ್ಷ ಅದರಲ್ಲಿ ದೋಷ ಕಾಣುವುದಿಲ್ಲ. ದೋಷ ಕಾಣಲು ಕಾಲ ಬೇಕು, ಏಕೆಂದರೆ ಗೃಹಸಾಲದ ಕಂತು ಸಾಮಾನ್ಯವಾಗಿ ಬದಲಾಗದೆ ನಿಂತಿರುತ್ತದೆ. ಬಡ್ಡಿ ಏರಿದರೂ ಬ್ಯಾಂಕಿನವರು ಹೆಚ್ಚಾಗಿ ಅವಧಿಯನ್ನು ಎಳೆಯುತ್ತಾರೆಯೇ ಹೊರತು ಕಂತನ್ನು ಏರಿಸುವುದಿಲ್ಲ. ಹಾಲು, ಎಣ್ಣೆ, ಗ್ಯಾಸು, ಶಾಲೆಯ ಶುಲ್ಕಗಳು ಮಾತ್ರ ಪ್ರತಿ ವರ್ಷ ಏರುತ್ತವೆ. 2023ರ ಹೊತ್ತಿಗೆ ನನ್ನ ಬಾಬತ್ತು 27,000ಕ್ಕೆ ಮುಟ್ಟಿತ್ತು, ನನ್ನ ಸಂಬಳ 34,000 ಆಗಿತ್ತು. ಅವರ ಸಂಬಳ 1,36,000ಕ್ಕೆ ಏರಿತ್ತು, ಆದರೆ ಕಂತು, ಅಪಾರ್ಟ್‌ಮೆಂಟಿನ ನಿರ್ವಹಣಾ ಶುಲ್ಕ, ಪೆಟ್ರೋಲು, ಇಂಟರ್ನೆಟ್ಟು ಸೇರಿ ಅವರು ಕೊಡುತ್ತಿದ್ದದ್ದು 43,000. ಅಂದರೆ ನನ್ನ ಸಂಬಳದ ಶೇಕಡ 80ರಷ್ಟು ಮನೆಗೆ ಹೋಗುತ್ತಿತ್ತು, ಅವರದರಲ್ಲಿ ಶೇಕಡ 32 ಕೂಡ ಅಲ್ಲ. ತಿಂಗಳ ಕೊನೆಗೆ ನನ್ನಲ್ಲಿ 7,000, ಅವರಲ್ಲಿ 93,000.

ಇದು ನನಗೆ ಹೊಳೆದದ್ದು ಒಂದು ಸ್ಕೂಟರ್ ಸಾಲದ ಅರ್ಜಿ ತುಂಬುವಾಗ. ಅದರಲ್ಲಿ ಸ್ವಂತ ಆಸ್ತಿಯ ವಿವರ ಎಂಬ ಒಂದು ಕಾಲಂ ಇತ್ತು. ಪೆನ್ನು ಹಿಡಿದು ಬಹಳ ಹೊತ್ತು ಕುಳಿತೆ. ಕೊನೆಗೆ ತಾಯಿ ಕೊಟ್ಟ ಬಳೆ, ಸರವನ್ನು ನೆನೆದು "ಚಿನ್ನ" ಎಂದಷ್ಟೇ ಬರೆದೆ. ಆರು ವರ್ಷದಲ್ಲಿ ನಾನು ಮನೆಗೆ ಹಾಕಿದ್ದು ಹದಿನಾಲ್ಕು ಲಕ್ಷಕ್ಕೆ ಕಡಿಮೆಯಿಲ್ಲ. ಅದೆಲ್ಲ ಊಟವಾಗಿ, ಕರೆಂಟಾಗಿ, ಶಾಲೆಯ ಶುಲ್ಕವಾಗಿ ಕರಗಿತ್ತು. ಅವರು ಹಾಕಿದ್ದು ಫ್ಲ್ಯಾಟ್ ಆಗಿ ನಿಂತಿತ್ತು.

ಕಾನೂನಿನ ಸ್ಥಿತಿಯನ್ನೂ ಇಲ್ಲಿ ಹೇಳಬೇಕು. ಗೋವಾ ರಾಜ್ಯವನ್ನು ಬಿಟ್ಟರೆ, ಮದುವೆಯ ನಂತರ ಗಳಿಸಿದ್ದೆಲ್ಲ ದಂಪತಿಗಳಿಬ್ಬರಿಗೂ ತಾನಾಗಿಯೇ ಸೇರುತ್ತದೆ ಎಂಬ ನಿಯಮ ನಮ್ಮಲ್ಲಿಲ್ಲ; ಸಾಮಾನ್ಯವಾಗಿ ಪತ್ರದಲ್ಲಿ ಯಾರ ಹೆಸರಿದೆಯೋ ಅವರೇ ಒಡೆಯರು. 2023ರಲ್ಲಿ ಮದ್ರಾಸ್ ಹೈಕೋರ್ಟು ಒಂದು ಪ್ರಕರಣದಲ್ಲಿ ಗೃಹಿಣಿಯ ದುಡಿಮೆಯೂ ಆಸ್ತಿ ಗಳಿಕೆಗೆ ಕೊಟ್ಟ ಪಾಲೇ ಎಂದು ಒಪ್ಪಿ ಆಕೆಗೆ ಸಮಪಾಲನ್ನು ಎತ್ತಿಹಿಡಿಯಿತು. ಆದರೆ ಅದು ವರ್ಷಗಟ್ಟಲೆ ನಡೆದ ವ್ಯಾಜ್ಯದ ಫಲ. ದಿನಸಿ ಅಂಗಡಿಯ ಚೀಟಿಗಳನ್ನು ನಂಬಿಕೊಂಡು ಯಾರೂ ನ್ಯಾಯಾಲಯದ ಮೆಟ್ಟಿಲೇರುವಂತಾಗಬಾರದು.

ಹೀಗಾಗಿ ನಾವು ಒಂದು ಭಾನುವಾರ ಇಬ್ಬರ ಮೂರು ತಿಂಗಳ ಬ್ಯಾಂಕ್ ವಿವರಗಳನ್ನು ಮುಂದಿಟ್ಟುಕೊಂಡು ಕುಳಿತೆವು. ಮೊದಲು ಅರ್ಧರ್ಧವನ್ನು ಲೆಕ್ಕ ಹಾಕಿದೆವು. ಒಟ್ಟು 70,000ದಲ್ಲಿ ನನ್ನ ಅರ್ಧ 35,000, ನನ್ನ ಸಂಬಳವೇ 34,000! ಅವರು ನಕ್ಕರು, ಆ ಚರ್ಚೆ ಅಲ್ಲಿಗೇ ಮುಗಿಯಿತು. ಎರಡನೆಯದು ಸಂಬಳದ ಪ್ರಮಾಣ, ಅಂದರೆ ನನ್ನದು ಶೇಕಡ 20. ಆಗ ನಾನು 14,000 ಕೊಟ್ಟರೆ ನನ್ನಲ್ಲಿ 20,000, ಅವರಲ್ಲಿ 80,000 ಉಳಿಯುತ್ತದೆ. ಮೂರನೆಯದು, ಖರ್ಚು ಕಳೆದು ಇಬ್ಬರ ಕೈಯಲ್ಲೂ ಒಂದೇ ಮೊತ್ತ ಉಳಿಯುವ ಕ್ರಮ. ಅದರಂತೆ ಅವರು ಎಲ್ಲ ಖರ್ಚನ್ನೂ ಹೊತ್ತು ನನಗೇ 16,000 ಕೊಡಬೇಕು, ಇಬ್ಬರಿಗೂ 50,000 ಉಳಿಯುತ್ತದೆ. ಸಂಸಾರ ಎಂದರೆ ಒಂದೇ ಹುಂಡಿ ಎಂದು ನಂಬುವವರಿಗೆ ಇದೇ ಸರಿ. ನನಗೇಕೋ ತಿಂಗಳು ತಿಂಗಳು ಹಣ ಪಡೆಯುವುದು ಹಿಡಿಸಲಿಲ್ಲ, ಅದು ನನ್ನ ಸ್ವಭಾವ.

ಕೊನೆಗೆ ನಾವು ಒಪ್ಪಿದ್ದು ಪ್ರಮಾಣದ ಹಂಚಿಕೆಯನ್ನೇ, ಆದರೆ ಗೃಹಸಾಲದ ಕಂತನ್ನು ಮನೆ ಖರ್ಚಿನಿಂದ ಹೊರಗಿಟ್ಟು. ಕಂತು ಖರ್ಚಲ್ಲ, ಅದು ಆಸ್ತಿ ಮಾಡುವ ಹಣ. ಆಸ್ತಿ ಅವರ ಹೆಸರಿನಲ್ಲಿರುವವರೆಗೆ ಕಂತು ಅವರದೇ. ನಿಮ್ಮಂತೆ ಬಾಡಿಗೆ ಮನೆಯಾಗಿದ್ದರೆ ಬಾಡಿಗೆ ಖಂಡಿತ ಖರ್ಚೇ, ಅದನ್ನು ಸೇರಿಸಿಯೇ ಹಂಚಬೇಕು. ನಮ್ಮಲ್ಲಿ ಕಂತು ಕಳೆದು ಉಳಿದ ಖರ್ಚು 35,300. ಅದರಲ್ಲಿ ನನ್ನ ಶೇಕಡ 20 ಎಂದರೆ 7,000, ಅವರದು 28,300. ಇಬ್ಬರಲ್ಲಿ ಯಾರು ಬೇಕಾದರೂ ವ್ಯವಹರಿಸಬಹುದಾದ ಒಂದು ಜಂಟಿ ಖಾತೆ ತೆರೆದೆವು. ಸಂಬಳ ಬಂದ ಮರುದಿನ ಎರಡೂ ಮೊತ್ತಗಳು ತಾವಾಗಿಯೇ ಅದಕ್ಕೆ ಹೋಗುತ್ತವೆ, ಹಾಲಿನಿಂದ ಹಿಡಿದು ಶಾಲೆಯ ಶುಲ್ಕದವರೆಗೆ ಎಲ್ಲವೂ ಅಲ್ಲಿಂದಲೇ ಹೋಗುತ್ತದೆ. ಯಾವ ಬಾಬತ್ತೂ ಯಾರೊಬ್ಬರದೂ ಅಲ್ಲವಾದ್ದರಿಂದ ಬೆಲೆ ಏರಿದರೆ ಇಬ್ಬರಿಗೂ ಅದೇ ಪ್ರಮಾಣದಲ್ಲಿ ತಟ್ಟುತ್ತದೆ.

ಈಗ ನನ್ನಲ್ಲಿ ಉಳಿಯುವ 27,000ದಲ್ಲಿ 12,500 ನೇರವಾಗಿ ನನ್ನ ಹೆಸರಿನ ಪಿಪಿಎಫ್ ಖಾತೆಗೆ ಹೋಗುತ್ತದೆ. ವರ್ಷಕ್ಕೆ ಒಂದೂವರೆ ಲಕ್ಷ, ಅಲ್ಲಿ ಹಾಕಬಹುದಾದ ಮಿತಿಯೂ ಅಷ್ಟೇ. ಒಂದು ಮಾತನ್ನು ಗಮನಿಸಿ. ಇದನ್ನೇ ತಿರುಗಿಸಿ, ನಾನು ನನ್ನ ಸಂಬಳವನ್ನು ಮನೆಗೆ ಸುರಿದು ಅವರು ತಮ್ಮ ಹಣವನ್ನು ನನ್ನ ಹೆಸರಿನಲ್ಲಿ ಠೇವಣಿ ಇಟ್ಟಿದ್ದರೆ, ಗಂಡ ಹೆಂಡತಿಗೆ ಕೊಟ್ಟ ಹಣಕ್ಕೆ ತೆರಿಗೆ ಇಲ್ಲದಿದ್ದರೂ ಆ ಠೇವಣಿಯ ಬಡ್ಡಿ ಆದಾಯ ತೆರಿಗೆಯ ಲೆಕ್ಕದಲ್ಲಿ ಅವರ ಆದಾಯಕ್ಕೇ ಸೇರುತ್ತಿತ್ತು. ಮನೆ ಖರ್ಚಿಗೆ ಅವರ ಹಣ, ಉಳಿತಾಯಕ್ಕೆ ನನ್ನ ಸಂಬಳ ಎಂದು ಮಾಡಿದರೆ ಆ ತೊಡಕೇ ಇಲ್ಲ. ನನ್ನ ದುಡಿಮೆಯ ಹಣದ ಮೇಲಿನ ಗಳಿಕೆ ನನ್ನದೇ. ಕಡಿಮೆ ಸಂಬಳದವರ ಹಣ ಕರಗದೆ ನಿಲ್ಲುವಂತೆ, ಹೆಚ್ಚು ಸಂಬಳದವರ ಹಣ ಮೊದಲು ಕರಗುವಂತೆ ವ್ಯವಸ್ಥೆ ಮಾಡಿಕೊಳ್ಳಿ ಎಂದು ನಾನು ಹೇಳುವುದು ಇದಕ್ಕಾಗಿ.

ಫ್ಲ್ಯಾಟಿಗೆ ನನ್ನ ಹೆಸರು ಸೇರಿಸುವ ಬಗ್ಗೆಯೂ ವಿಚಾರಿಸಿದೆವು. ಕುಟುಂಬದವರ ನಡುವಿನ ದಾನಪತ್ರಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕದ ರಿಯಾಯಿತಿ ಇದೆ, ಆದರೆ ಸಾಲ ತೀರುವವರೆಗೆ ಬ್ಯಾಂಕಿನ ಒಪ್ಪಿಗೆ ಇಲ್ಲದೆ ಅದು ಆಗುವ ಮಾತಲ್ಲ. ನೀವು ಇನ್ನೂ ಮನೆ ಕೊಂಡಿಲ್ಲವೆಂದು ಕಾಣುತ್ತದೆ. ಕೊಳ್ಳುವ ದಿನವೇ ಕ್ರಯಪತ್ರದಲ್ಲಿ ಎರಡೂ ಹೆಸರು ಬರಲಿ, ಅದಕ್ಕಾಗಿ ಒಂದು ದಿನ ರಜೆ ಹಾಕಿದರೆ ನಷ್ಟವಿಲ್ಲ.

ಪ್ರಮಾಣದ ಹಂಚಿಕೆಯೂ ಕೆಡುವುದುಂಟು. ಮೊದಲ ವರ್ಷ ನಾವು ತಿಂಗಳ ಖರ್ಚನ್ನಷ್ಟೇ ಎಣಿಸಿದ್ದರಿಂದ ಮೇ ತಿಂಗಳಲ್ಲಿ ಶಾಲೆಯ ಶುಲ್ಕದ 60,000 ಬಂದಾಗ ಜಂಟಿ ಖಾತೆ ಬರಿದಾಗಿ, ಕೊರತೆಯನ್ನು ಅರ್ಧರ್ಧ ತುಂಬುವಂತಾಯಿತು. ವರ್ಷಕ್ಕೊಮ್ಮೆ ಬರುವ ಶುಲ್ಕ, ವಿಮೆಗಳನ್ನು ಹನ್ನೆರಡರಿಂದ ಭಾಗಿಸಿ ಪ್ರತಿ ತಿಂಗಳೂ ಎತ್ತಿಡಬೇಕು. ಇನ್ನು, ಸಂಬಳ ಏರಿದಾಗ ಪ್ರಮಾಣವನ್ನೂ ಬದಲಿಸಬೇಕು. ನಾವು ಪ್ರತಿ ಏಪ್ರಿಲ್‌ನಲ್ಲಿ ಅದನ್ನು ಮಾಡುತ್ತೇವೆ. ಎರಡೂ ಕಡೆಯ ಹಿರಿಯರ ಔಷಧದ ಖರ್ಚು ಆಮೇಲೆ ಇದೇ ಖಾತೆಗೆ ಸೇರಿತು. ಅಡುಗೆಗೆ ಬರುವ ಅಕ್ಕನ ಸಂಬಳವೂ ಅಲ್ಲಿಂದಲೇ, ಏಕೆಂದರೆ ಅವರು ಮಾಡುವುದು ನನ್ನ ಬದಲಿಯ ಕೆಲಸವಲ್ಲ, ಮನೆಯ ಕೆಲಸ. ಈ ಒಂದು ಸಾಲಿಗೆ ನಾನು ಸ್ವಲ್ಪ ಜಗಳವನ್ನೇ ಆಡಬೇಕಾಯಿತು.

ನಿಮ್ಮ ಮನೆಯವರು ಸಮಾನತೆಯ ಮಾತೆತ್ತಿದರೆ ವಾದಕ್ಕೆ ಇಳಿಯಬೇಡಿ. 25ನೇ ತಾರೀಕಿನಂದು ಇಬ್ಬರ ಖಾತೆಯಲ್ಲೂ ಉಳಿದ ಮೊತ್ತವನ್ನು ಒಂದೇ ಹಾಳೆಯಲ್ಲಿ ಬರೆದು ಮುಂದಿಡಿ. ನನ್ನ ಪತಿ ಒಪ್ಪಿದ್ದು ಆ ಹಾಳೆಯನ್ನು ನೋಡಿ. ಇಬ್ಬರ ಕೈಯಲ್ಲೂ ಕೇಳುವವರಿಲ್ಲದ ಸ್ವಂತ ಖರ್ಚಿನ ಹಣ ಇರಬೇಕೆಂಬುದನ್ನೂ ಅವರು ಒಪ್ಪಿದರು. ಒಂದು ವಿಷಯ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಅವರಿಗೆ ದೊಡ್ಡ ಕಾರು ಬೇಕು. ನನ್ನ ಒಬ್ಬಳ ಸಂಬಳವನ್ನು ನೋಡಿದರೆ ಆ ಕಾರು ನಮ್ಮ ಮನೆಗೆ ಹೊಂದುವುದಿಲ್ಲ, ಅವರದನ್ನು ನೋಡಿದರೆ ಹೊಂದುತ್ತದೆ. ಚಿಕ್ಕ ಕಾರಿನ ಬೆಲೆಯವರೆಗೆ ನಮ್ಮ ಪ್ರಮಾಣದಲ್ಲಿ ಹಂಚೋಣ, ಅದರಾಚೆಯದೆಲ್ಲ ಅವರ ಆಸೆಯ ಬೆಲೆ ಎಂದು ನಾನು ಹೇಳಿದ್ದೇನೆ, ಅವರು ಯೋಚಿಸುತ್ತಿದ್ದಾರೆ.