ಕೋಟೆಯ ಬಂಡೆ ಬಿಟ್ಟು ಆಕಾಶವನ್ನಷ್ಟೇ ಸೆಲೆಕ್ಟ್ ಮಾಡುವುದು ಹೇಗೆ?

ಪ್ರಶ್ನೆ: ಚಿತ್ರದುರ್ಗ ಕೋಟೆಯಲ್ಲಿ ಬೆಳಿಗ್ಗೆ ತೆಗೆದ ಫೋಟೋ. ಆಕಾಶ ಸ್ವಲ್ಪ ಡಾರ್ಕ್ ಮಾಡಬೇಕು, ಆಗದಿದ್ದರೆ ಬೇರೆ ಆಕಾಶ ಕೂರಿಸಬೇಕು. ಫೋಟೋಶಾಪ್‌ನಲ್ಲಿ ಲ್ಯೂಮಿನಾಸಿಟಿ ಮಾಸ್ಕ್ ಮಾಡಿದರೆ ಬಂಡೆಗಳೂ ಸೆಲೆಕ್ಟ್ ಆಗ್ತಿವೆ. ಬೇವಿನ ಎಲೆಗಳ ಸುತ್ತ ಬಿಳಿ ಗೆರೆ ಉಳೀತಿದೆ. ಎಲ್ಲಿ ತಪ್ತಿದ್ದೀನಿ?

ಉತ್ತರ:

ನೀವು ಬಹುಶಃ Ctrl+Alt+2 ಒತ್ತಿ ಶುರು ಮಾಡಿರುತ್ತೀರಿ. ಎಲ್ಲರೂ ಹಾಗೇ ಕಲಿಯುತ್ತಾರೆ. ಅದು ಮೂರೂ ಬಣ್ಣ ಸೇರಿದ ಒಟ್ಟು ಬೆಳಕನ್ನು ನೋಡಿ ಸೆಲೆಕ್ಟ್ ಮಾಡುತ್ತದೆ. ಅಚ್ಚ ಬಿಳಿ ಇದ್ದಲ್ಲಿ ಪೂರ್ತಿ, ಕಪ್ಪು ಇದ್ದಲ್ಲಿ ಏನೂ ಇಲ್ಲ, ನಡುವಿನದು ಅದರ ಬೆಳಕಿನ ಪ್ರಮಾಣದಷ್ಟು. ಆಕಾಶ ಯಾವುದು, ಬಂಡೆ ಯಾವುದು ಅಂತ ಅದಕ್ಕೆ ಗೊತ್ತಿಲ್ಲ. ದುರ್ಗದ ಬಂಡೆಯ ಮೇಲೆ ಬೆಳಗಿನ ಎಂಟರ ಬಿಸಿಲು ಬಿದ್ದರೆ ಅದು ಎಷ್ಟು ಹೊಳೆಯುತ್ತದೆ ಅಂತ ನೀವೇ ನೋಡಿದ್ದೀರಲ್ವಾ?

ನನ್ನದೇ ಒಂದು ಫೋಟೋ ಇಟ್ಟುಕೊಂಡು ಹೇಳುತ್ತೇನೆ. ಮಳೆಗಾಲದ ಬೆಳಿಗ್ಗೆ ಕೋಟೆಯ ಮೇಲಿಂದ ತೆಗೆದದ್ದು. ಮುಂದೆ ಬಿಸಿಲು ಬಿದ್ದ ದೊಡ್ಡ ಬಂಡೆ, ಬಲಕ್ಕೆ ಒಂದು ಬೇವಿನ ಮರ, ದೂರದ ಗುಡ್ಡದ ಸಾಲಿನಲ್ಲಿ ಮೂರು ಗಾಳಿಯಂತ್ರ. ಮೇಲೆ ಬಿಳಿ ಮೋಡ, ಅದರ ನಡುವೆ ಅಲ್ಲಲ್ಲಿ ನೀಲಿ.

ಮೊದಲು ಅಳೆಯಬೇಕು. F8 ಒತ್ತಿದರೆ Info ಪ್ಯಾನೆಲ್ ತೆರೆಯುತ್ತದೆ. ಐಡ್ರಾಪರ್ ಟೂಲ್‌ನ Sample Size ಅನ್ನು 3 by 3 Average ಮಾಡಿ. ಆಮೇಲೆ ಒಂದೊಂದೇ ಜಾಗದ ಮೇಲೆ ಮೌಸ್ ಇಟ್ಟು ಅಂಕಿ ಓದಿ. ನನ್ನ ಫೋಟೋದಲ್ಲಿ ನೀಲಿ ಆಕಾಶ ಹೀಗಿತ್ತು: ಕೆಂಪು 128, ಹಸಿರು 165, ನೀಲಿ 210. ಬಿಸಿಲಿನ ಬಂಡೆಯಲ್ಲಿ ಕೆಂಪು 205, ಹಸಿರು 182, ನೀಲಿ 150. ಒಟ್ಟು ಬೆಳಕು ಲೆಕ್ಕ ಹಾಕಿದರೆ ಆಕಾಶ ಸುಮಾರು 158, ಬಂಡೆ ಸುಮಾರು 185. ಅಂದರೆ ಆಕಾಶಕ್ಕಿಂತ ಬಂಡೆಯೇ ಬೆಳ್ಳಗಿದೆ. Ctrl+Alt+2 ಬಂಡೆಯನ್ನು ಜಾಸ್ತಿ ಹಿಡಿಯುವುದು ಇದಕ್ಕೇ. ಅದು ಕೆಟ್ಟಿಲ್ಲ, ಇದ್ದದ್ದನ್ನೇ ತೋರಿಸುತ್ತಿದೆ.

ಆ ಸೆಲೆಕ್ಷನ್ ಅನ್ನು ಅದರ ಜೊತೆಗೇ ಇಂಟರ್‌ಸೆಕ್ಟ್ ಮಾಡುತ್ತಾ ಹೋದರೆ ಸರಿಯಾಗುತ್ತದೆ ಅಂತ ಎಷ್ಟೋ ಜನ ಹೇಳುತ್ತಾರೆ. ನಿಮ್ಮ ಫೋಟೋಗೆ ಅದು ಕೆಲಸ ಮಾಡುವುದಿಲ್ಲ. ಇಂಟರ್‌ಸೆಕ್ಟ್ ಅಂದರೆ ಗುಣಾಕಾರ. ನನ್ನ ಬಂಡೆ ಮೊದಲ ಸಲ ಶೇಕಡ 73ರಷ್ಟು ಸೆಲೆಕ್ಟ್ ಆಗಿತ್ತು, ನೀಲಿ ಆಕಾಶ ಶೇಕಡ 62ರಷ್ಟು. ಮೂರನೇ ಹಂತಕ್ಕೆ ಬಂಡೆ 38ಕ್ಕೆ ಇಳಿಯುತ್ತದೆ, ಆಕಾಶ 24ಕ್ಕೆ. ಹಿಂದೆ ಇದ್ದದ್ದು ಇನ್ನೂ ಹಿಂದೆ ಬೀಳುತ್ತದೆ, ಅಷ್ಟೇ. (ಆಗ ಫೋಟೋಶಾಪ್ ಒಂದು ಎಚ್ಚರಿಕೆ ಕೊಟ್ಟು, ಇರುವೆ ಸಾಲಿನಂತೆ ಓಡುವ ಗೆರೆ ಕಾಣಿಸದೇ ಹೋಗಬಹುದು. ಗಾಬರಿ ಬೇಡ. ಶೇಕಡ 50ಕ್ಕಿಂತ ಕಡಿಮೆ ಸೆಲೆಕ್ಟ್ ಆದ ಜಾಗಕ್ಕೆ ಆ ಗೆರೆ ಬರುವುದಿಲ್ಲ, ಸೆಲೆಕ್ಷನ್ ಇದ್ದೇ ಇರುತ್ತದೆ.)

ಈಗ ಅದೇ ಅಂಕಿಗಳಲ್ಲಿ ನೀಲಿಯನ್ನು ಮಾತ್ರ ನೋಡಿ. ಆಕಾಶ 210, ಬಂಡೆ 150. ಮೋಡ 233. ಬೇವಿನ ಎಲೆ ಬರೀ 40. ನಮ್ಮ ಕಡೆಯ ಬಂಡೆಯ ಬಣ್ಣ ಬಿಸಿಲಿಗೆ ಹಳದಿ, ಕಂದು ಕಡೆಗೆ ವಾಲುತ್ತದೆ, ಆದ್ದರಿಂದ ಅದರಲ್ಲಿ ನೀಲಿ ಕಡಿಮೆ. ಒಟ್ಟು ಬೆಳಕಿನಲ್ಲಿ ಕಲಸಿಹೋಗಿದ್ದದ್ದು ಇಲ್ಲಿ ತಾನಾಗಿ ಬೇರೆಯಾಗಿದೆ. ಮಾಸ್ಕ್ ಮಾಡಬೇಕಾದದ್ದು ಇದರಿಂದ.

Channels ಪ್ಯಾನೆಲ್‌ನಲ್ಲಿ Blue ಚಾನೆಲ್ ಅನ್ನು ಎಳೆದು ಕೆಳಗಿನ ಹೊಸ ಚಾನೆಲ್ ಗುರುತಿನ ಮೇಲೆ ಬಿಡಿ. Blue copy ಅಂತ ಒಂದು ನಕಲು ಬರುತ್ತದೆ. ಕೆಲಸವೆಲ್ಲ ಆ ನಕಲಿನ ಮೇಲೆ. ಮೂಲ Blue ಮುಟ್ಟಿದರೆ ಫೋಟೋದ ಬಣ್ಣವೇ ಕೆಡುತ್ತದೆ. ಫೈಲ್ 16 ಬಿಟ್‌ನಲ್ಲಿರಲಿ. 8 ಬಿಟ್‌ನಲ್ಲಿ ಮಾಸ್ಕ್ ಅನ್ನು ಇಷ್ಟು ಹಿಗ್ಗಿಸಿ, ಆಕಾಶವನ್ನೂ ಎಳೆದಾಡಿದರೆ ನಯವಾದ ನೀಲಿಯಲ್ಲಿ ಪಟ್ಟಿ ಪಟ್ಟಿ ಕಾಣುತ್ತದೆ.

ಇನ್ನು Ctrl+L ಒತ್ತಿ Levels ತೆರೆದು, ಕಪ್ಪು ಸ್ಲೈಡರ್‌ನ ಮೊಳೆಯನ್ನು 160ಕ್ಕೆ, ಬಿಳಿಯದನ್ನು 205ಕ್ಕೆ ತಂದರೆ 150ರ ಬಂಡೆ ಪೂರ್ತಿ ಕಪ್ಪಾಗುತ್ತದೆ, 210ರ ಆಕಾಶ ಪೂರ್ತಿ ಬಿಳಿಯಾಗುತ್ತದೆ. ಮುಗಿಯಿತು ಅನ್ನಿಸುತ್ತದೆ. ನಿಮ್ಮ ಬಿಳಿ ಗೆರೆ ಹುಟ್ಟುವುದು ಸರಿಯಾಗಿ ಇಲ್ಲೇ. ನನಗೂ ಇದು ಮೊದಲು ಅರ್ಥವಾಗಿರಲಿಲ್ಲ. ದೊಡ್ಡ ಪ್ರಿಂಟ್ ಹಾಕಿಸಿದ ಮೇಲೆ ಮರದ ಸುತ್ತ ಸುಣ್ಣ ಬಳಿದ ಹಾಗೆ ಕಂಡು, ಎರಡು ದಿನ ಅದನ್ನೇ ನೋಡುತ್ತಾ ಕೂತಿದ್ದೆ.

ಆಗಿದ್ದು ಇಷ್ಟು. ಎಲೆಯ ಅಂಚಿನ ಪಿಕ್ಸೆಲ್ ಪೂರ್ತಿ ಎಲೆಯೂ ಅಲ್ಲ, ಪೂರ್ತಿ ಆಕಾಶವೂ ಅಲ್ಲ. ಅರ್ಧ ಎಲೆ 40, ಅರ್ಧ ಆಕಾಶ 220 ಅಂದುಕೊಳ್ಳಿ, ಆ ಪಿಕ್ಸೆಲ್ 130 ಆಗಿರುತ್ತದೆ. ಅರ್ಧ ಆಕಾಶ ಇರುವುದರಿಂದ ಮಾಸ್ಕ್‌ನಲ್ಲಿ ಅದು ಅರ್ಧ ಬೂದು ಆಗಬೇಕು. ಆದರೆ ನಾವು 160ರ ಕೆಳಗಿನದನ್ನೆಲ್ಲ ಕಪ್ಪು ಮಾಡಿಬಿಟ್ಟೆವು. ಅಲ್ಲಿದ್ದ ಅರ್ಧ ಆಕಾಶ ಹೊರಗೇ ಉಳಿಯಿತು. ಉಳಿದ ಆಕಾಶ ಡಾರ್ಕ್ ಆದಾಗ ಅದೊಂದೇ ಹಳೆಯ ಬೆಳಕಿನಲ್ಲಿ ಗೆರೆಯಾಗಿ ಕಾಣುತ್ತದೆ.

ಬಂಡೆಯ ಅಂಚಿನಲ್ಲಿ ಈ ತೊಂದರೆ ಇಲ್ಲ. ಅಲ್ಲಿ 150 ಮತ್ತು 220ರ ನಡುವಿನದು 185. 160ರಿಂದ 205ರ ಲೆವೆಲ್ಸ್‌ನಲ್ಲಿ ಅದು ಸರಿಸುಮಾರು ಅರ್ಧಕ್ಕೇ ಬೀಳುತ್ತದೆ. ಹಾಗಾದರೆ ಬಂಡೆಗೊಂದು ಲೆವೆಲ್ಸ್, ಮರಕ್ಕೊಂದು ಲೆವೆಲ್ಸ್ ಬೇಕು. ಮರಕ್ಕೆ ಕಪ್ಪು 50, ಬಿಳಿ 205. ಆಗ 130ರ ಪಿಕ್ಸೆಲ್ ಸರಿಸುಮಾರು ಅರ್ಧ ಬೂದು ಆಗುತ್ತದೆ.

ಒಂದೇ ಚಾನೆಲ್‌ನಲ್ಲಿ ಎರಡನ್ನೂ ಮಾಡಬಹುದು. ನಕಲು ಮಾಡಿದ ಮೇಲೆ, ಇನ್ನೂ ಏನೂ ಬದಲಿಸುವ ಮೊದಲು, ಲಾಸೋ ಟೂಲ್‌ನಿಂದ ಮರದ ಸುತ್ತ ಸಡಿಲವಾಗಿ ಒಂದು ಸುತ್ತು ಹಾಕಿ. ಗೆರೆ ಖಾಲಿ ಆಕಾಶದಲ್ಲೇ ಹೋಗಲಿ, ಎಲೆಯ ಮೇಲೆ ಹಾಯಬಾರದು. ಬುಡದಲ್ಲಿ ಬಂಡೆಯನ್ನು ಒಳಗೆ ಸೇರಿಸಬೇಡಿ. ಹಿಂದೆ ಬಂಡೆ ಇರುವ ರೆಂಬೆಗಳನ್ನೂ ಹೊರಗೇ ಬಿಡಿ. ಈಗ Ctrl+L, 50 ಮತ್ತು 205. ಆಮೇಲೆ Ctrl+Shift+I ಒತ್ತಿ ಸೆಲೆಕ್ಷನ್ ತಿರುಗಿಸಿ, ಮತ್ತೆ Ctrl+L, ಈ ಸಲ 160 ಮತ್ತು 205. ಎರಡರಲ್ಲೂ ಬಿಳಿ 205 ಆದ್ದರಿಂದ ಆಕಾಶ ಎರಡೂ ಕಡೆ ಅಚ್ಚ ಬಿಳಿ. ಲಾಸೋ ಹಾದ ಗುರುತೇ ಕಾಣುವುದಿಲ್ಲ. ಇವು ನನ್ನ ಫೋಟೋದ ಅಂಕಿಗಳು. ನಿಮ್ಮದರಲ್ಲಿ ನೀವು ಅಳೆದದ್ದನ್ನೇ ಹಾಕಬೇಕು. ಕಪ್ಪು ಮೊಳೆ ಎಲೆ ಅಥವಾ ಬಂಡೆಯ ಅಂಕಿಗಿಂತ ಹತ್ತು ಮೇಲೆ, ಬಿಳಿ ಮೊಳೆ ಆಕಾಶದ ಅತಿ ಕಡಿಮೆ ಅಂಕಿಗಿಂತ ಐದು ಕೆಳಗೆ, ಹಾಗೆ ಶುರು ಮಾಡಿ.

ಈಗ Ctrl+D ಒತ್ತಿ ಸೆಲೆಕ್ಷನ್ ತೆಗೆಯಿರಿ. ಚಿಕ್ಕಪುಟ್ಟ ಕಲೆ ಉಳಿದೇ ಉಳಿಯುತ್ತವೆ. ಮೋಡದ ತಳ ಬೂದಾಗಿದ್ದರೆ ಬ್ರಷ್‌ನ Mode ಅನ್ನು Overlay ಮಾಡಿ, ಶೇಕಡ 30ರ ಬಿಳಿಯಿಂದ ಸವರಿ. ಓವರ್‌ಲೇಯಲ್ಲಿ ಅಚ್ಚ ಕಪ್ಪಿಗೆ ಬಿಳಿ ಹತ್ತುವುದಿಲ್ಲ, ಹಾಗಾಗಿ ಬಂಡೆ ಅಥವಾ ಎಲೆಗೆ ತಾಗಿದರೂ ಚಿಂತೆ ಇಲ್ಲ. ಆದರೆ ಎಲೆಯ ಅಂಚಿನ ಅರ್ಧ ಬೂದು ಬದಲಾಗುತ್ತದೆ, ಅಲ್ಲಿ ಹಗುರವಾಗಿ ಕೈಯಾಡಿಸಿ. ಕೆಳಗೆ ನೆಲದಲ್ಲಿ ಎಲ್ಲೋ ಹೊಂಡದ ನೀರು ಮಿಂಚುತ್ತಿದ್ದರೆ ಅದಕ್ಕೆ ಸಾಮಾನ್ಯ ಕಪ್ಪು ಬ್ರಷ್ ಸಾಕು.

ಗಾಳಿಯಂತ್ರಕ್ಕೆ ಮಾತ್ರ ಯಾವ ಚಾನೆಲ್ಲೂ ನೆರವಾಗಲ್ಲ. ಅದರ ರೆಕ್ಕೆ ಮೋಡದಷ್ಟೇ ಬಿಳಿ, ಮೂರೂ ಬಣ್ಣದಲ್ಲಿ 240ರ ಹತ್ತಿರ. ಬೆಳಕು ನೋಡಿ ಮಾಡುವ ಮಾಸ್ಕ್‌ಗೆ ಅದು ಆಕಾಶವೇ. ನಾನು ಪಾಲಿಗೋನಲ್ ಲಾಸೋ ತೆಗೆದುಕೊಂಡು, Feather 0.5 ಇಟ್ಟು, ಒಂದೊಂದು ರೆಕ್ಕೆಯ ಸುತ್ತ ಕೈಯಿಂದಲೇ ಎಳೆದು ಕಪ್ಪು ತುಂಬಿದೆ. ಮೂರು ಯಂತ್ರಕ್ಕೆ ಹತ್ತು ನಿಮಿಷ ಹಿಡಿಯಿತು. ಬಿಟ್ಟಿದ್ದರೆ ಹೊಸ ಆಕಾಶದಲ್ಲಿ ರೆಕ್ಕೆಗಳು ಮಾಯವಾಗಿ ಬರೀ ಕಂಬದ ತುಣುಕು ನಿಲ್ಲುತ್ತಿತ್ತು.

ಮಾಸ್ಕ್ ಸಿದ್ಧವಾದ ಮೇಲೆ ಆ ಚಾನೆಲ್‌ನ ಚಿತ್ರದ ಮೇಲೆ Ctrl ಹಿಡಿದು ಕ್ಲಿಕ್ ಮಾಡಿ, ಸೆಲೆಕ್ಷನ್ ಬರುತ್ತದೆ. ಮೇಲಿನ RGB ಮೇಲೆ ಒಮ್ಮೆ ಕ್ಲಿಕ್ ಮಾಡಿ ಫೋಟೋಗೆ ವಾಪಸ್ ಬಂದು Curves ಲೇಯರ್ ಸೇರಿಸಿ. ಮಾಸ್ಕ್ ತಾನಾಗಿ ಕೂರುತ್ತದೆ. ನಾನು 230ರ ಮೋಡವನ್ನು 195ರ ಹತ್ತಿರಕ್ಕೆ ಇಳಿಸಿ, ಆ ಲೇಯರ್‌ನ ಬ್ಲೆಂಡ್ ಮೋಡ್ ಅನ್ನು Luminosity ಮಾಡಿದೆ. ಇಲ್ಲದಿದ್ದರೆ ನೀಲಿ ಬಣ್ಣ ಅತಿಯಾಗಿ ಏರುತ್ತದೆ. ನಿಮ್ಮ ಮೋಡ 255ಕ್ಕೆ ತಾಗಿಬಿಟ್ಟಿದ್ದರೆ ಕರ್ವ್ಸ್‌ನಿಂದ ಏನೂ ಸಿಗಲ್ಲ. ಬಿಳಿ ಹೋಗಿ ಬೂದು ಹಿಟ್ಟು ಕಲಸಿದ ಹಾಗೆ ಆಗುತ್ತದೆ. ಆಗ ಆಕಾಶ ಬದಲಿಸುವುದೇ ಸರಿ.

ಬದಲಿಸುವಾಗ ಹೊಸ ಆಕಾಶದ ಲೇಯರ್‌ಗೆ ಇದೇ ಮಾಸ್ಕ್ ಹಾಕಿ. 100 ಶೇಕಡ ಝೂಮ್‌ನಲ್ಲಿ ಎಲೆಗಳ ಅಂಚು ನೋಡಿ. ಇನ್ನೂ ಬಿಳಿ ಗೆರೆ ಇದ್ದರೆ ಮರದ ಭಾಗದಲ್ಲಿ ಮಾತ್ರ ಮಾಸ್ಕ್‌ನ ಬಿಳಿ ಮೊಳೆಯನ್ನು ಸ್ವಲ್ಪ ಎಡಕ್ಕೆ ತನ್ನಿ, ಮಾಸ್ಕ್ ಎಲೆಯ ಕಡೆಗೆ ಕೂದಲೆಳೆಯಷ್ಟು ಸರಿಯುತ್ತದೆ. ಅತಿಯಾದರೆ ಸಣ್ಣ ಕಡ್ಡಿಗಳು ತೆಳುವಾಗಿ ತುಂಡು ತುಂಡಾಗುತ್ತವೆ, ಅದೇ ಗುರುತು, ಅಲ್ಲಿಗೆ ನಿಲ್ಲಿಸಿ. ಇನ್ನೊಂದು ಮಾತು. ನಿಮ್ಮ ಬಂಡೆಯ ಮೇಲೆ ಬೆಳಗಿನ ಬಿಸಿಲು ನೇರವಾಗಿ ಬಿದ್ದಿದೆ, ಅಂದರೆ ಸೂರ್ಯ ನಿಮ್ಮ ಬೆನ್ನಿಗಿದ್ದಾನೆ. ಆದ್ದರಿಂದ ಎದುರಿಗೆ ಸೂರ್ಯ ಮುಳುಗುವ ಕೆಂಪು ಆಕಾಶ ಕೂರಿಸಬೇಡಿ. ಮಾಸ್ಕ್ ಎಷ್ಟೇ ಚೆನ್ನಾಗಿದ್ದರೂ ಅದು ಹೊಂದುವುದಿಲ್ಲ.

ಸಂಜೆಯ ಫೋಟೋ ಆದರೆ ಇದೆಲ್ಲ ತಿರುಗಿ ಬೀಳುತ್ತದೆ. ಗುಡ್ಡದ ಅಂಚಿನ ಆಕಾಶ ಕಿತ್ತಳೆಯಾದಾಗ ಅದರಲ್ಲಿ ನೀಲಿ ತೀರಾ ಕಡಿಮೆ. ನೆರಳಿನ ಬಂಡೆಯಲ್ಲಿ ಕೆಂಪೂ ಕಡಿಮೆ. ಆಗ Red ಚಾನೆಲ್ ನಕಲು ಮಾಡಿ.

ನಿಮ್ಮ ಹತ್ತಿರ ರಾ ಫೈಲ್ ಇದ್ದರೆ ಅದರಿಂದಲೇ ಶುರು ಮಾಡಿ. ಬರೀ ಜೆಪೆಗ್ ಇದ್ದರೆ ಬ್ಲೂ ಚಾನೆಲ್‌ನಲ್ಲಿ ಎಲೆಗಳ ಸುತ್ತ ಸಣ್ಣ ಸಣ್ಣ ಚೌಕ ಕಾಣಬಹುದು. ಆಗ ಲೆವೆಲ್ಸ್ ಹಾಕುವ ಮೊದಲೇ ನಕಲಿಗೆ ಅರ್ಧ ಪಿಕ್ಸೆಲ್ Gaussian Blur ಕೊಡಿ. ಅದಕ್ಕೂ ಚೌಕ ಹೋಗದಿದ್ದರೆ ಮರದ ಭಾಗಕ್ಕೆ ಮಾತ್ರ Green ಚಾನೆಲ್‌ನ ನಕಲು ಬಳಸಿ, ಅದರ ಅಂಕಿಗಳನ್ನು ಬೇರೆಯಾಗಿ ಅಳೆದು.