ಮುಕ್ಕಾಲು ಭಾಗದ ವೈಟ್‌ಬೋರ್ಡ್ ಅನಿಮೇಷನ್: ಗೆರೆ ಮೊದಲೋ, ಮಾತು ಮೊದಲೋ?

«ನಾಲ್ಕನೇ ತರಗತಿಗೆ 3/4 ಕಲಿಸುವ ವಿಡಿಯೊ ಮಾಡುತ್ತಿದ್ದೇನೆ. ಧ್ವನಿ ಒಂದು ಕಡೆ, ಬಿಡಿಸುವ ಕೈ ಇನ್ನೊಂದು ಕಡೆ ಹೋಗುತ್ತಿದೆ. ನೋಡಿದ ಮಕ್ಕಳು ಉತ್ತರವಾಗಿ 3/1 ಎಂದು ಬರೆಯುತ್ತಿದ್ದಾರೆ. ಸ್ಕ್ರಿಪ್ಟ್ ಹೇಗಿರಬೇಕು?»

ಈ ಪ್ರಶ್ನೆಗೆ ಒಬ್ಬರು ಧ್ವನಿಯನ್ನು ನಿಧಾನಗೊಳಿಸಿ ಎಂದಿದ್ದಾರೆ. ಅದು ಅರ್ಧ ಸರಿ. ವೇಗ ಎಷ್ಟೇ ತಗ್ಗಿಸಿದರೂ ಬಿಡಿಸುವ ಕ್ರಮ ತಪ್ಪಿದ್ದರೆ ಮಕ್ಕಳು ತಪ್ಪನ್ನೇ ನಿಧಾನವಾಗಿ ಕಲಿಯುತ್ತಾರೆ.

ತೊಡಕು ಎಲ್ಲಿದೆ ನೋಡಿ. 3/4 ತೋರಿಸಲು ಬಿಡಿಸುವ ಉದ್ದನೆಯ ಪಟ್ಟಿಯನ್ನು ನಾಲ್ಕು ಭಾಗ ಮಾಡಲು ಎಳೆಯುವುದು ಮೂರೇ ಗೆರೆ. «ನಾಲ್ಕು ಭಾಗ ಮಾಡೋಣ» ಎಂದು ಧ್ವನಿ ಹೇಳುತ್ತಿರುವಾಗ ಮಗುವಿನ ಕಣ್ಣು ಒಂದು, ಎರಡು, ಮೂರು ಎಂದು ಗೆರೆಗಳನ್ನು ಎಣಿಸುತ್ತದೆ. ಮುಂದೆ ಬಣ್ಣ ಬಳಿಯುವ ಭಾಗಗಳೂ ಮೂರೇ ಆಗಿರುವುದರಿಂದ ಗೊಂದಲ ಇನ್ನಷ್ಟು ಬಲಿಯುತ್ತದೆ. ಹಾಗಾಗಿ ಗೆರೆ ಎಳೆಯುವಾಗ ಯಾವ ಸಂಖ್ಯೆಯನ್ನೂ ಉಚ್ಚರಿಸಬೇಡಿ. ಸಂಖ್ಯೆ ಬಾಯಿಗೆ ಬರುವ ಕ್ಷಣದಲ್ಲಿ ಹಲಗೆಯ ಮೇಲೆ ಆ ಸಂಖ್ಯೆಯಷ್ಟೇ ವಸ್ತು ಮೂಡುತ್ತಿರಬೇಕು.

ನಿಮ್ಮ ದೃಶ್ಯವನ್ನು ನಾನು ಹೀಗೆ ಬರೆಯುತ್ತೇನೆ. ಮೊದಲ ಮೂರು ಸೆಕೆಂಡು ಖಾಲಿ ಪಟ್ಟಿಯ ಹೊರಗೆರೆ, ಜೊತೆಗೆ «ಇದು ಒಂದು ಇಡೀ ಪಟ್ಟಿ». ಮುಂದಿನ ಐದು ಸೆಕೆಂಡಿನಲ್ಲಿ ಮೊದಲು ನಟ್ಟನಡುವೆ ಗೆರೆ, ಆಮೇಲೆ ಎಡ, ಬಲ ಅರ್ಧಗಳ ನಡುವೆ ಒಂದೊಂದು. ಎಡದಿಂದ ಸಾಲಾಗಿ ಎಳೆದರೆ ಭಾಗಗಳು ಸಮನಾಗಿವೆಯೇ ಎಂಬುದು ಕಣ್ಣಿಗೆ ಮನದಟ್ಟಾಗುವುದಿಲ್ಲ. ಅರ್ಧವನ್ನು ಮತ್ತೆ ಅರ್ಧ ಮಾಡಿದಾಗ ಆಗುತ್ತದೆ. ಇಲ್ಲಿ ಮಾತು ಇಷ್ಟೇ: «ಸಮನಾಗಿ ಭಾಗ ಮಾಡೋಣ». ನಂತರ ಒಂದು ಸೆಕೆಂಡು ಮೌನ. ಆಮೇಲೆ ಪ್ರತಿ ಭಾಗದಲ್ಲೂ ಒಂದು ಚುಕ್ಕಿ ಇಡುತ್ತಾ «ಒಂದು, ಎರಡು, ಮೂರು, ನಾಲ್ಕು». ಚುಕ್ಕಿ ಮಾತಿನ ಜೊತೆಗೇ ಬೀಳಬೇಕು. ಮಾತು ಮುಗಿದ ಮೇಲೆ ಬಿದ್ದರೆ ಎಣಿಕೆ ಒಂದು ಹೆಜ್ಜೆ ಹಿಂದುಳಿಯುತ್ತದೆ.

ಈಗ ಅಡ್ಡಗೆರೆ, ಅದರ ಕೆಳಗೆ 4, «ಒಟ್ಟು ನಾಲ್ಕು ಸಮ ಭಾಗ». ಮೇಲಿನ ಜಾಗ ಖಾಲಿಯೇ ಇರಲಿ. ಇದಾದ ಮೇಲೆ ಒಂದೊಂದಾಗಿ ಮೂರು ಭಾಗಗಳಿಗೆ ಬಣ್ಣ: «ಇದಕ್ಕೆ ಬಣ್ಣ, ಇದಕ್ಕೂ, ಇದಕ್ಕೂ». ಬಣ್ಣ ಮುಗಿದಾಗ ಮೇಲೆ 3, «ಬಣ್ಣ ಬಳಿದದ್ದು ಮೂರು». ಕನ್ನಡದಲ್ಲಿ ಹೇಳುವುದೂ «ನಾಲ್ಕನೇ ಮೂರು» ಎಂದೇ, ಆದ್ದರಿಂದ ಕೈಯೂ ಛೇದವನ್ನು ಮೊದಲು, ಅಂಶವನ್ನು ಆಮೇಲೆ ಬರೆದರೆ ಮಾತಿನೊಂದಿಗೆ ಹೆಜ್ಜೆ ಹಾಕುತ್ತದೆ. 3/4 ಅನ್ನು ಒಂದೇ ಪಠ್ಯವಾಗಿ ಟೈಪ್ ಮಾಡಿದರೆ ಅದು ಮೇಲಿನಿಂದಲೋ ಎಡದಿಂದಲೋ ಒಟ್ಟಿಗೆ ಮೂಡಿಬಿಡುತ್ತದೆ. ಅಡ್ಡಗೆರೆ, 4, 3 ಇವುಗಳನ್ನು ಬಿಡಿ ಬಿಡಿಯಾಗಿ ಸೇರಿಸಿ.

3/1 ಎಂದು ಬರೆಯುವ ಮಗು ಬಣ್ಣದ ಮೂರನ್ನು ಬಿಳಿಯ ಒಂದರೊಂದಿಗೆ ಹೋಲಿಸುತ್ತಿದೆ. ಇಡೀ ಪಟ್ಟಿ ಅದರ ಕಣ್ಣಿನಿಂದ ಜಾರಿದೆ. ಅದಕ್ಕಾಗಿ ಕೊನೆಯ ಆರು ಸೆಕೆಂಡು ಮೀಸಲಿಡಿ. ಹೊರಗೆರೆಯ ಮೇಲೆ ಇನ್ನೊಂದು ಬಣ್ಣದಲ್ಲಿ ಮತ್ತೆ ಒಂದು ಸುತ್ತು ಹಾಕಿಸಿ, «ಇಡೀ ಪಟ್ಟಿಯ ನಾಲ್ಕನೇ ಮೂರು, ಅಂದರೆ ಮುಕ್ಕಾಲು» ಎನ್ನಿ. ಇದು ಬಹಳ ಜನ ಬಿಟ್ಟುಬಿಡುವ ಭಾಗ, ನನ್ನ ಮಟ್ಟಿಗೆ ಇಡೀ ದೃಶ್ಯದ ಜೀವ ಇಲ್ಲೇ ಇದೆ.

ಕೆಲಸದ ಕ್ರಮ: ಧ್ವನಿ ಮೊದಲು ಮುದ್ರಿಸಿ, ಚಿತ್ರವನ್ನು ಅದಕ್ಕೆ ಹೊಂದಿಸಿ. ಧ್ವನಿ ಸಂಪಾದಿಸುವ ತಂತ್ರಾಂಶ ಆಡಾಸಿಟಿಯಲ್ಲಿ ಅದನ್ನು ಕೇಳುತ್ತಾ ಪ್ರತಿ ಪದಗುಚ್ಛ ಶುರುವಾಗುವಲ್ಲಿ `Ctrl+M` ಒತ್ತಿದರೆ ಗುರುತು ಬೀಳುತ್ತದೆ. ಎರಡು ಗುರುತುಗಳ ನಡುವಿನ ಅವಧಿಯೇ ಆ ಗೆರೆಯನ್ನು ಬಿಡಿಸುವ ಅವಧಿ. ಚಿತ್ರ ರೇಖೆಗಳ ರೂಪದಲ್ಲಿ ಉಳಿಯುವ SVG ಕಡತವಾಗಿದ್ದರೆ, ಸಾಮಾನ್ಯವಾಗಿ ಕಡತದಲ್ಲಿ ಮೊದಲಿರುವ ರೇಖೆಯೇ ಮೊದಲು ಮೂಡುತ್ತದೆ. ಅಂಥ ಚಿತ್ರ ಬಿಡಿಸುವ ತಂತ್ರಾಂಶ ಇಂಕ್‌ಸ್ಕೇಪ್‌ನ ವಸ್ತುಗಳ ಪಟ್ಟಿಯಲ್ಲಿ ಅದು ಎಲ್ಲಕ್ಕಿಂತ ಕೆಳಗಿರುತ್ತದೆ. ಹೊರಗೆರೆಗಿಂತ ಮೊದಲೇ ಬಣ್ಣ ಬರುತ್ತಿದ್ದರೆ ಅಲ್ಲಿ ನೋಡಿ.

ಪಟ್ಟಿಯ ಬದಲು ವೃತ್ತವೇ ಚೆಂದ ಎನ್ನುವವರಿಗೆ: ಅರ್ಧ, ಕಾಲುಗಳಿಗೆ ಸರಿ. ಆದರೆ ಮೂರು ಅಥವಾ ಐದು ಸಮಭಾಗ ಮಾಡಲು ಕೋನ ಅಳೆಯಬೇಕಾಗುತ್ತದೆ, ಮಗು ನೋಟ್‌ಬುಕ್‌ನಲ್ಲಿ ಅದನ್ನು ಹಾಗೆಯೇ ಬಿಡಿಸಲಾರದು. ಪಟ್ಟಿಯನ್ನು ಕಾಗದ ಮಡಚಿಯೂ ನೋಡಬಹುದು.

ಬಿಡಿಸುವ ಕೈ ಪರದೆಯಲ್ಲಿ ಕಾಣಬೇಕೇ ಬೇಡವೇ ಎಂಬುದರಲ್ಲಿ ಇಲ್ಲಿಯೇ ಎರಡು ಅಭಿಪ್ರಾಯಗಳಿವೆ, ನಾನೂ ತೀರ್ಮಾನಿಸಿಲ್ಲ. ಗೆರೆ ಎಳೆಯುವಾಗ ಕೈ ಕಣ್ಣನ್ನು ಸರಿಯಾದ ಜಾಗಕ್ಕೆ ಕರೆದೊಯ್ಯುತ್ತದೆ, ಬಣ್ಣ ತುಂಬುವಾಗ ಭಾಗವನ್ನೇ ಮರೆಮಾಡುತ್ತದೆ. ಸದ್ಯ ಬಣ್ಣದ ಹಂತದಲ್ಲಿ ಮಾತ್ರ ಕೈ ತೆಗೆದು ನೋಡಿ.

ಮುಗಿಸಿದ ಮೇಲೆ ಧ್ವನಿ ತೆಗೆದು ಒಂದು ಮಗುವಿಗೆ ತೋರಿಸಿ, ಪ್ರತಿ ಹಂತದಲ್ಲಿ «ಈಗ ಏನಾಯಿತು?» ಎಂದು ಕೇಳಿ. ಬಳಿಕ ಮೂರು ಗೆರೆಗಳನ್ನು ಬೇಕಾಬಿಟ್ಟಿ ಎಳೆದ ಪಟ್ಟಿಯಲ್ಲಿ ಮೂರು ಭಾಗಗಳಿಗೆ ಬಣ್ಣ ಹಾಕಿ ಕೊಡಿ. ಅದನ್ನೂ ಮುಕ್ಕಾಲು ಎಂದರೆ ಭಾಗಗಳು ಸಮನಾಗಿರಬೇಕು ಎಂಬುದು ಕಣ್ಣಿಗೆ ಮನದಟ್ಟಾಗಿಲ್ಲ, ನಡುವಿನ ಗೆರೆ ಎಳೆಯುವ ಹಂತಕ್ಕೆ ಇನ್ನೆರಡು ಸೆಕೆಂಡು ಸೇರಿಸಿ.