ಕೇಳಿದ ಎಂಟು ಅರ್ಹತೆಯಲ್ಲಿ ನಾಲ್ಕು ಇದ್ದರೆ ಕಬ್ಬಿನ ಫೀಲ್ಡ್ ಆಫೀಸರ್ ಕೆಲಸಕ್ಕೆ ಅರ್ಜಿ ಹಾಕಬೇಕಾ?

"ಅಣ್ಣಾರೆ, ಮುಧೋಳ ಕಡೆ ಒಂದು ಖಾಸಗಿ ಸಕ್ಕರೆ ಕಾರ್ಖಾನೆ ಕಬ್ಬು ವಿಭಾಗಕ್ಕೆ ಫೀಲ್ಡ್ ಆಫೀಸರ್ ಕರೆದಾರ. ಕೇಳಿದ ಅರ್ಹತೆ ಎಂಟು. ಡ್ರಿಪ್ ಗೊತ್ತು, ಮೊಬೈಲ್ ಸರ್ವೆ ಗೊತ್ತು, ಬೈಕ್ ಐತಿ (ಲೈಸೆನ್ಸ್ ಇನ್ನೂ ಎಲ್‌ಎಲ್‌ಆರ್), ಊರಾಗ ಇರಾಕ ತಯಾರ. ಬಿ.ಎಸ್ಸಿ ಅಗ್ರಿ ಇಲ್ಲ, ಡಿಪ್ಲೊಮಾ ಐತಿ. ಕಾರ್ಖಾನೆ ಅನುಭವ 3 ವರ್ಷ ಇಲ್ಲ, ಎಕ್ಸೆಲ್ ಇಲ್ಲ, ಮರಾಠಿ ಬರಂಗಿಲ್ಲ. ಹಾಕ್ಲೋ ಬ್ಯಾಡೋ?"

ತಮ್ಮಾ, ನಾನು ಕೆಲವು ಸೀಸನ್ ಕಬ್ಬು ವಿಭಾಗದಲ್ಲಿ ಓಡಾಡಿದವನು. ನನ್ನ ಕೇಳಿದರೆ ಹಾಕು. ಆದರೆ ಹಾಕುವ ಮೊದಲು ಲೈಸೆನ್ಸ್ ಕೆಲಸ ಶುರು ಮಾಡು.

ಜಮಖಂಡಿ ಅಣ್ಣಾರು ಮೇಲಿನ ಕಾಮೆಂಟಿನಲ್ಲಿ "ಡಿಗ್ರಿ ಇಲ್ಲ ಅಂದ್ರೆ ಅರ್ಜಿ ತೆಗೆದೂ ನೋಡಂಗಿಲ್ಲ" ಅಂದಿದ್ದಾರೆ. ಸರ್ಕಾರಿ ಹುದ್ದೆಗೆ ಆ ಮಾತು ಸರಿ. ಅಲ್ಲಿ ಅರ್ಜಿಯ ಕೊನೆಯ ದಿನಕ್ಕೆ ವಿದ್ಯಾರ್ಹತೆ ಕೈಯಲ್ಲಿ ಇರಲೇಬೇಕು, ಇಲ್ಲದಿದ್ದರೆ ಶುಲ್ಕ ಕಟ್ಟಿದ್ದೂ ದಂಡ. ಸಹಕಾರಿ ಕಾರ್ಖಾನೆಯಲ್ಲೂ ನೇಮಕಾತಿ ನಿಯಮ ಇರುತ್ತದೆ, ಹಾಗಾಗಿ ಅಲ್ಲೂ ಮೊದಲೇ ವಿಚಾರಿಸಬೇಕು. ನೀನು ಹೇಳುತ್ತಿರುವುದು ಖಾಸಗಿ. ಜಾಹೀರಾತಿನಲ್ಲಿ ಡಿಗ್ರಿ ಮುಂದೆ "ಕಡ್ಡಾಯ" ಅಂತ ಇದೆಯಾ, "ಆದ್ಯತೆ" ಅಂತ ಇದೆಯಾ ನೋಡು. ಎರಡೂ ಇಲ್ಲದಿದ್ದರೆ ಕಬ್ಬು ವಿಭಾಗಕ್ಕೆ ಫೋನ್ ಮಾಡಿ, "ಡಿಪ್ಲೊಮಾದವರನ್ನು ನೋಡ್ತೀರಾ ಸರ್?" ಅಂತ ಒಂದೇ ಮಾತು ಕೇಳು.

ನಾಲ್ಕು ಇದೆ, ನಾಲ್ಕು ಇಲ್ಲ ಅಂತ ಎಣಿಸಬೇಡ. ಸೀಸನ್ ಶುರುವಾದ ಮೊದಲ ವಾರ ಆ ಕೆಲಸದವನು ಏನು ಮಾಡುತ್ತಾನೆ ಅಂತ ನೋಡು. ಬೆಳಿಗ್ಗೆ ಬೈಕ್ ಹತ್ತಿ ಹಳ್ಳಿಗೆ ಹೋಗುತ್ತಾನೆ. ನೋಂದಣಿ ಆದ ಪ್ಲಾಟುಗಳನ್ನು ನಾಟಿ ತಾರೀಕು, ತಳಿ, ಕುಳೆಯೋ ಹೊಸದೋ ನೋಡಿ ಸಾಲು ಹಚ್ಚುತ್ತಾನೆ. ಹೊಲದಲ್ಲಿ ಕಬ್ಬಿನ ಬುಡದ ಗಣಿಕೆಯ ರಸ, ತುದಿ ಗಣಿಕೆಯ ರಸ ಎರಡನ್ನೂ ರಿಫ್ರಾಕ್ಟೋಮೀಟರ್‌ಗೆ ಹಾಕಿ ಬ್ರಿಕ್ಸ್, ಅಂದರೆ ರಸದ ಸಿಹಿ ಎಷ್ಟಿದೆ ಅಂತ, ನೋಡುತ್ತಾನೆ. ಬುಡದಲ್ಲಿ 20, ತುದಿಯಲ್ಲಿ 14 ಬಂದರೆ ಇನ್ನೂ ಬಲಿಯಬೇಕು. ಎರಡೂ ಹತ್ತಿರ ಹತ್ತಿರ ಬಂದರೆ ಕಟಾವಿಗೆ ತಯಾರು. ಆಮೇಲೆ ಕಬ್ಬು ಕಡಿಯುವ ಗ್ಯಾಂಗ್‌ನವರ ಜೊತೆ ಮಾತು. ಸಂಜೆಗೆ ಪಟ್ಟಿ ಆಫೀಸಿಗೆ ಕಳಿಸಬೇಕು. ನಡುವೆ "ನಮ್ಮ ಕಬ್ಬು ಮೊದಲು ಕಡಸ್ರಿ" ಅನ್ನುವ ಫೋನು ಬೇರೆ, ಅದಕ್ಕೆ ಯಾವ ಡಿಗ್ರಿಯೂ ಸಾಲದು.

ಈಗ ನಿನ್ನ ನಾಲ್ಕು ಕೊರತೆ ನೋಡು. ಎಕ್ಸೆಲ್‌ನಲ್ಲಿ ಬೇಕಾಗುವುದು ಪಟ್ಟಿಯನ್ನು ತಾರೀಕಿನ ಪ್ರಕಾರ ಜೋಡಿಸೋದು, ಹಳ್ಳಿವಾರು ಬೇರೆ ಮಾಡೋದು, ಎಕರೆ ಕೂಡಿಸೋದು. ಸಂದರ್ಶನದ ದಿನ ಬರುವುದರೊಳಗೆ ಇಷ್ಟು ಕಲಿಯಬಹುದು. ಅನುಭವದ ಬದಲು ನಿನ್ನ ಹತ್ತಿರ ಮನೆಯ ಕಬ್ಬು ಇದೆ ಅಲ್ವಾ? ಯಾವ ತಳಿ, ಎಷ್ಟು ಎಕರೆ, ಯಾವಾಗ ನಾಟಿ, ಕಟಾವು ಎಷ್ಟು ತಡವಾಯಿತು, ಡ್ರಿಪ್ ಎಷ್ಟು ಎಕರೆಗೆ ಹಾಕಿಸಿದೆ, ಇದನ್ನೆಲ್ಲ ಬರಿ. ಸುಮ್ನೆ "ಕಬ್ಬಿನ ಅನುಭವ ಇದೆ" ಅಂದರೆ ಇಲ್ಲಿ ಯಾರಿಗಿಲ್ಲ ಹೇಳು. ಆದರೂ ಇದು ಪೂರ್ತಿ 3 ವರ್ಷದ ಸಮ ಆಗುವುದಿಲ್ಲ. ಹತ್ತು ಹಳ್ಳಿ ಒಬ್ಬನ ತಲೆ ಮೇಲೆ ಹಾಕಿ, ಮೇಲೆ ಯಾರೂ ಹಿರಿಯರು ಇಲ್ಲ ಅಂದರೆ ನಾನಾದರೆ ಹಿಂದೆ ಸರಿಯುತ್ತೇನೆ.

ಮರಾಠಿಯನ್ನು ಹಗುರ ಮಾಡಬೇಡ. ಗ್ಯಾಂಗ್‌ಗಳು ಮಹಾರಾಷ್ಟ್ರದ ಬೀಡ್ ಕಡೆಯಿಂದ ಬಂದರೆ ಅವರ ಮುಖಂಡ ಮುಕಾದಮ್ ಜೊತೆ ದಿನಾ ಮಾತಾಡಬೇಕು. ಆದರೆ ನಿನ್ನ ಕೆಲಸ ನಾಟಿ, ನೋಂದಣಿ, ಡ್ರಿಪ್ ಕಡೆ ಇದ್ದರೆ ಅದು ಅಷ್ಟು ಅಡ್ಡ ಬರುವುದಿಲ್ಲ. ಕಟಾವು ನೋಡಬೇಕಾ, ಕಬ್ಬು ಅಭಿವೃದ್ಧಿಯಾ ಅಂತ ಅದೇ ಫೋನಿನಲ್ಲಿ ಕೇಳಿಬಿಡು.

ನೀನು "ಇದೆ" ಅಂತ ಬರೆದ ಬೈಕೇ ನಿಜವಾದ ತೊಡಕು. ಎಲ್‌ಎಲ್‌ಆರ್ ಮೇಲೆ ಹಳ್ಳಿ ಹಳ್ಳಿ ಸುತ್ತಲು ಯಾವ ಕಾರ್ಖಾನೆಯೂ ಒಪ್ಪಲಿಕ್ಕಿಲ್ಲ. ಎಲ್‌ಎಲ್‌ಆರ್ ಸಿಕ್ಕು 30 ದಿನ ಆದಮೇಲೆ ಟೆಸ್ಟ್ ಕೊಡಬಹುದು, 6 ತಿಂಗಳ ಒಳಗೆ ಕೊಡಬೇಕು. ಆರ್‌ಟಿಓ ತಾರೀಕು ಹಿಡಿದುಬಿಡು, ಅರ್ಜಿಯಲ್ಲಿ ಆ ತಾರೀಕನ್ನೇ ಬರಿ.

ಅರ್ಜಿಯ ಮೊದಲ ಸಾಲಲ್ಲೇ ಡಿಪ್ಲೊಮಾ ಅಂತ ಹೇಳು. "ಕೃಷಿ ಡಿಪ್ಲೊಮಾ ಮುಗಿಸಿದ್ದೇನೆ, ಬಿ.ಎಸ್ಸಿ ಇಲ್ಲ. ಡ್ರಿಪ್ ಜೋಡಣೆ, ಮೊಬೈಲ್ ಸರ್ವೆ ಮಾಡಿದ್ದೇನೆ" ಅಂತ ಶುರು ಮಾಡಿದರೆ ಸಾಕು. ಕೊನೆಯ ಪುಟದಲ್ಲಿ ಮುಚ್ಚಿಟ್ಟರೆ ಸಂದರ್ಶನದಲ್ಲಿ ಮೊದಲು ಹೊರಬರುವುದೇ ಅದು.

ಸಂಬಳದ ಬಗ್ಗೆ ನನಗೂ ಅನುಮಾನ ಇದೆ. ಡಿಪ್ಲೊಮಾದವನನ್ನು ತಗೊಂಡು ಫೀಲ್ಡ್ ಆಫೀಸರ್ ಬದಲು ಫೀಲ್ಡ್‌ಮನ್ ಅಂತ ಕೂಡಿಸುವುದೂ ಉಂಟು. ಆದೇಶ ಪತ್ರದಲ್ಲಿ ಹುದ್ದೆಯ ಹೆಸರು ನೋಡಿಯೇ ಸಹಿ ಮಾಡು.

ತಮ್ಮಾ, ಜಾಹೀರಾತಿನ ಫೋಟೋ ಪೂರ್ತಿ ಹಾಕು. ಎರಡನೇ ಪುಟ ಕಾಣಿಸುತ್ತಿಲ್ಲ, ಎಷ್ಟು ಹಳ್ಳಿ ಕೊಡ್ತಾರೆ ಅಂತ ಅಲ್ಲಿ ಇರಬಹುದು.